ಬಂಗಾರದಂಗಡಿಯ ಕೊನೆಯ ಪುಟ

ಪತ್ತೇದಾರಿ ಕಾದಂಬರಿಯನ್ನು ಕೊನೆಯ ಪುಟದಿಂದ ಓದುವವರನ್ನು ಕಂಡರೆ ನನಗೆ ಆಗದು. ಆದರೆ ಬಂಗಾರ ಮಾರುವ ವೆಬ್‌ಸೈಟನ್ನು ಮಾತ್ರ ಹಾಗೆಯೇ ಓದಬೇಕು ಅನ್ನುವುದು ನನ್ನ ಪಕ್ಷ. ಮುಖಪುಟದಲ್ಲಿ ರೇಷ್ಮೆ ಸೀರೆ ಉಟ್ಟ ಹುಡುಗಿ ಇರುತ್ತಾಳೆ, ಅವಳ ಕಿವಿಯಲ್ಲಿ ಜುಮಕಿ ತೂಗುತ್ತಿರುತ್ತದೆ, ಮೂಲೆಯಲ್ಲಿ ಬಿಐಎಸ್‌ನ ತ್ರಿಕೋನ, ಅದರ ಪಕ್ಕ ‘ಮೇಕಿಂಗ್ ಚಾರ್ಜ್ ಮೇಲೆ ಶೇ 50 ರಿಯಾಯಿತಿ, ಇವತ್ತು ರಾತ್ರಿ 12ರವರೆಗೆ ಮಾತ್ರ’ ಎಂದು ಓಡುವ ಗಡಿಯಾರ. ಆ ಗಡಿಯಾರ ನಾಳೆ ಬೆಳಿಗ್ಗೆ ಮತ್ತೆ ಮೊದಲಿನಿಂದ ಓಡುತ್ತದೆ, ಆ ಮಾತು ಬೇರೆ. ಇದನ್ನೆಲ್ಲ ದಾಟಿ ಬೆರಳು ನೋಯುವಷ್ಟು ಕೆಳಗಿಳಿದರೆ, ‘ನಮ್ಮ ಬಗ್ಗೆ’, ‘ಸಂಪರ್ಕಿಸಿ’ಗಳ ನಡುವೆ ಬೈಬ್ಯಾಕ್ ನಿಯಮ ಎಂಬ ಸಣ್ಣ ಕೊಂಡಿ ಸಿಗುತ್ತದೆ. ಅಲ್ಲಿ ಮಾರುವವನು ಕೊಳ್ಳುವವನಾಗಿರುತ್ತಾನೆ. ಮುಖಪುಟದಲ್ಲಿ ತಾನೇ ಹೊಗಳಿದ ಒಡವೆಯನ್ನು ಆತ ತನ್ನ ದುಡ್ಡಿಗೆ ಕೊಳ್ಳಬೇಕಾಗಿ ಬಂದರೆ ಏನೇನನ್ನು ಲೆಕ್ಕಕ್ಕೆ ಹಿಡಿಯುತ್ತಾನೆ, ಏನೇನನ್ನು ಬಿಡುತ್ತಾನೆ ಎಂಬುದು ಅಲ್ಲಿದೆ.

ನನಗೆ ಈ ಓದಿನ ಚಟ ಹತ್ತಿಸಿದವರು ನಮ್ಮ ಅತ್ತಿಗೆ. ಅವರು ಶಿವಮೊಗ್ಗದಲ್ಲಿ, ಮಗಳು ಪುಣೆಯಲ್ಲಿ. ಮಗಳಿಗೊಂದು ಕೆಂಪುಕಲ್ಲಿನ ನೆಕ್ಲೇಸ್ ಆಗಬೇಕು, ಅದನ್ನು ಇಬ್ಬರೂ ನೋಡಿ ಒಪ್ಪಬೇಕು. ಹಾಗಾಗಿ ಅಂಗಡಿ ಮೆಟ್ಟಿಲು ಬಿಟ್ಟು ಫೋನು ಹಿಡಿದರು. ಎರಡು ಸೈಟುಗಳಲ್ಲಿ ಹೆಚ್ಚುಕಡಿಮೆ ಒಂದೇ ತರಹದ ನೆಕ್ಲೇಸ್ ಸಿಕ್ಕಿತು. “ನೀನು ಲೆಕ್ಕದವನು, ಎರಡರಲ್ಲಿ ಯಾವುದು ಅಗ್ಗ ಹೇಳಪ್ಪ” ಎಂದು ನನಗೆ ದಾಟಿಸಿದರು. ಅಗ್ಗ ಯಾವುದು ಎಂದು ಹೇಳುವುದಕ್ಕೆ ಸುಮಾರು ಹೊತ್ತೇ ಹಿಡಿಯಿತು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಗಾದೆ ಮಾಡಿಟ್ಟರಲ್ಲ, ಅದು ನನಗೆ ಯಾವತ್ತೂ ಅನ್ಯಾಯ ಅನ್ನಿಸಿದೆ. ನಮ್ಮೂರಿನ ಆಚಾರ್ರು ಹೆಂಗಸರ ಕಣ್ಣೆದುರಿಗೇ ಹಳೆಯ ಬಳೆ ಕರಗಿಸುತ್ತಿದ್ದರು, ಒರೆಗಲ್ಲಿನ ಮೇಲೆ ಗೀಟು ಎಳೆದು ತೋರಿಸುತ್ತಿದ್ದರು, ಮಜೂರಿ ಇಷ್ಟು, ಸವಕಳಿ ಇಷ್ಟು ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಸಂಶಯ ಇದ್ದವರು ಜಗಲಿಯಲ್ಲೇ ಕೂತು ಕಾಯಬಹುದಿತ್ತು. ಈಗಿನ ಸೈಟುಗಳಲ್ಲಿ ಕೂರಲು ಜಗಲಿ ಇಲ್ಲ. ಕೂರಬೇಕಾದದ್ದು ನಿಯಮಗಳ ಪುಟದ ಮುಂದೆ.

ಮೊದಲು ಹಾಲ್‌ಮಾರ್ಕ್ ಮಾತು, ಏಕೆಂದರೆ ಎಲ್ಲ ಸೈಟುಗಳೂ ಅದನ್ನೇ ಮೊದಲು ಆಡುತ್ತವೆ. ‘916’ ಎಂದರೆ ಸಾವಿರ ಭಾಗದಲ್ಲಿ 916 ಭಾಗ ಅಪ್ಪಟ ಚಿನ್ನ. ಅದು ಒಂದು ಸಂಖ್ಯೆ ಅಷ್ಟೇ. ಯಾರು ಬೇಕಾದರೂ ಬರೆಯಬಹುದು, ತಗಡಿನ ಮೇಲೂ ಕೊರೆಯಬಹುದು. ‘916 ಕೆಡಿಎಂ’ ಎಂದು ಈಗಲೂ ಬರೆಯುವ ಸೈಟುಗಳಿವೆ. ಕೆಡಿಎಂ ಅನ್ನುವುದು ಒಡವೆಯ ಬೆಸುಗೆಗೆ ಕ್ಯಾಡ್ಮಿಯಂ ಬಳಸುತ್ತಿದ್ದ ಕಾಲದ್ದು. ಶುದ್ಧತೆಯನ್ನು ಯಾರೋ ಪರೀಕ್ಷಿಸಿದ್ದಾರೆ ಎಂಬ ಭರವಸೆ ಅದರಲ್ಲಿ ಇಲ್ಲ. ಅದರ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೆ ಕೆಟ್ಟದ್ದು ಎಂದು ಆ ಬೆಸುಗೆಯನ್ನು ಬಿಡುತ್ತ ಬಂದರು, ಹೆಸರು ಮಾತ್ರ ಮದುವೆ ಮಾತುಕತೆಗಳಲ್ಲಿ ಉಳಿದುಕೊಂಡಿತು. ಅದನ್ನು ಹಾಲ್‌ಮಾರ್ಕ್ ಜೊತೆ ಒಂದೇ ಉಸಿರಿನಲ್ಲಿ ಹೇಳುವ ಸೈಟಿಗೆ ಎರಡೂ ಗೊತ್ತಿಲ್ಲ, ಇಲ್ಲವೇ ನಮಗೆ ಗೊತ್ತಿಲ್ಲ ಎಂದುಕೊಂಡಿದೆ.

ನಿಜವಾದ ಹಾಲ್‌ಮಾರ್ಕ್‌ನಲ್ಲಿ ಈಗ ಮೂರು ಗುರುತು ಇರುತ್ತವೆ. ಬಿಐಎಸ್ ಲಾಂಛನ, 22K916 ಅಥವಾ 18K750 ಎಂಬಂಥ ಶುದ್ಧತೆಯ ಗುರುತು, ಮತ್ತು ಅಕ್ಷರ ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ. 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು, ಆಮೇಲೆ ಜಿಲ್ಲೆಗಳು ಹೆಚ್ಚುತ್ತ ಹೋದವು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಮನೆಯಲ್ಲಿರುವ ಹಳೆಯ ಒಡವೆಗೆ ಇದರ ಬಾಧೆ ಇಲ್ಲ, ಅದನ್ನು ಅಂಗಡಿಗೆ ಕೊಡಲು ಅಡ್ಡಿಯಿಲ್ಲ. ಅಜ್ಜಿಯ ಅವಲಕ್ಕಿ ಸರ ಹಾಕಿಕೊಂಡು ಯಾರೂ ಹೆದರಬೇಕಾಗಿಲ್ಲ.

ಈ ಆರು ಸ್ಥಾನದ ಸಂಖ್ಯೆ ಒಂದು ಒಡವೆಗೆ ಒಂದೇ. ಸೈಟನ್ನು ಅಳೆಯುವ ಕೋಲು ಇಲ್ಲಿದೆ. ಮುಖಪುಟದ ತ್ರಿಕೋನ ನಮಗೆ ಬರುವ ಪೊಟ್ಟಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಿಐಎಸ್ ವೆಬ್‌ಸೈಟಿಗೆ ಮುದ್ರೆ ಒತ್ತುವುದಿಲ್ಲ. ಅದು ವ್ಯಾಪಾರಿಯನ್ನು ನೋಂದಾಯಿಸಿಕೊಳ್ಳುತ್ತದೆ, ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರ ಒಡವೆಗೆ ಮುದ್ರೆ ಒತ್ತುತ್ತದೆ. ಹಾಗಾಗಿ ‘ನಾವು ಬಿಐಎಸ್ ನೋಂದಾಯಿತರು’ ಎಂದರೆ ಮುದ್ರೆಯಿದ್ದ ಮಾಲನ್ನು ಮಾರಲು ಅವರಿಗೆ ಅವಕಾಶವಿದೆ ಎಂದಷ್ಟೇ ಅರ್ಥ. ಅತ್ತಿಗೆ ಆಯ್ದ ಮೊದಲ ಸೈಟಿನಲ್ಲಿ ಮುದ್ರೆಯ ದೊಡ್ಡ ಫೋಟೋ ಇತ್ತು, ಎಚ್‌ಯುಐಡಿ ಸ್ಪಷ್ಟವಾಗಿ ಓದಲು ಬರುತ್ತಿತ್ತು. ನನಗೂ ಸಮಾಧಾನವಾಯಿತು. ಪಕ್ಕದ ಬಳೆಯ ಪುಟ ತೆರೆದರೆ ಅದೇ ಫೋಟೋ, ಅದೇ ಸಂಖ್ಯೆ. ಉಂಗುರದ್ದೂ ಅದೇ. ಮಾದರಿ ಚಿತ್ರ ಹಾಕುವುದು ಅಪರಾಧವೇನಲ್ಲ, ಹಾಗೆಂದು ಕೆಳಗೆ ಬರೆದಿದ್ದರೆ ಸಾಕಿತ್ತು, ಬರೆದಿರಲಿಲ್ಲ. ಎರಡನೆಯ ಸೈಟು ಫೋಟೋ ಹಾಕದೆ, ‘ಆರ್ಡರ್ ಬಂದ ಮೇಲೆ ತಯಾರಾಗುತ್ತದೆ, ಕಳಿಸುವ ಮುನ್ನ ಎಚ್‌ಯುಐಡಿ ತಿಳಿಸುತ್ತೇವೆ’ ಎಂದಿತ್ತು. ಚಿತ್ರವಿಲ್ಲದ ಈ ಮಾತಿಗೆ ನಾನು ಹೆಚ್ಚು ಅಂಕ ಕೊಟ್ಟೆ. ಇನ್ನೂ ಹುಟ್ಟದ ಒಡವೆಗೆ ಸಂಖ್ಯೆ ಇರಲು ಸಾಧ್ಯವೇ ಇಲ್ಲ.

ಸಂಖ್ಯೆ ಕೈಗೆ ಬಂದರೆ BIS CARE ಆ್ಯಪ್‌ನಲ್ಲಿ Verify HUID ಒತ್ತಿ ತುಂಬಿಸಬೇಕು. ಮುದ್ರೆಗೆ ಕೊಟ್ಟ ವ್ಯಾಪಾರಿ, ಪರೀಕ್ಷಿಸಿದ ಕೇಂದ್ರ, ದಿನಾಂಕ, ಒಡವೆಯ ಬಗೆ, ಶುದ್ಧತೆ ಕಾಣುತ್ತವೆ. ಇಲ್ಲಿ ವ್ಯಾಪಾರಿಯ ಹೆಸರು ನಮ್ಮ ಸೈಟಿನದ್ದಲ್ಲದಿದ್ದರೆ ಗಾಬರಿ ಬೇಡ, ಸಗಟು ವ್ಯಾಪಾರಿಯೇ ಮುದ್ರೆ ಹಾಕಿಸಿ ಕೊಟ್ಟಿರಬಹುದು. ಆದರೆ ನಮ್ಮ ಕೈಯಲ್ಲಿ ನೆಕ್ಲೇಸ್ ಇದ್ದು ಆ್ಯಪ್ ‘ಉಂಗುರ’ ಎಂದರೆ, ಬಿಲ್ಲಿನಲ್ಲಿ 22 ಕ್ಯಾರಟ್ ಇದ್ದು ಆ್ಯಪ್ 18 ಎಂದರೆ ಗಾಬರಿ ಆಗಲೇಬೇಕು. ಯಾವುದೋ ಅಸಲಿ ಒಡವೆಯ ಸಂಖ್ಯೆಯನ್ನು ಕದ್ದು ಇನ್ನೊಂದರ ಮೇಲೆ ಕೊರೆಯುವವರೂ ಇದ್ದಾರೆ. ಆ್ಯಪ್‌ನಲ್ಲಿ ಸಂಖ್ಯೆ ಸಿಕ್ಕಿತು ಎಂದಾಕ್ಷಣ ಮುಗಿಯಲಿಲ್ಲ, ಅದು ಈ ಒಡವೆಯದ್ದೇ ಎಂದು ಹೊಂದಿಸಿ ನೋಡಬೇಕು. ಮುದ್ರೆ ಲೋಹದ ಮೇಲೇ ಇರುವುದರಿಂದ ಅದನ್ನು ಮಸೂರದಲ್ಲಿ ನೋಡಲು ಅಂಗಡಿಯ ಟ್ಯಾಗ್ ಕತ್ತರಿಸಬೇಕಿಲ್ಲ. ಟ್ಯಾಗ್ ಕತ್ತರಿಸಿದರೆ ‘ವಾಪಸು ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲು ಕಾದು ಕೂತಿರುತ್ತದೆ.

ಇನ್ನೆರಡು ಮಾತು ಹೇಳಿ ಹಾಲ್‌ಮಾರ್ಕ್ ಮುಗಿಸುತ್ತೇನೆ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಕಡ್ಡಾಯವಿಲ್ಲ. ಮೂಗುಬೊಟ್ಟು, ಮಕ್ಕಳ ಓಲೆ ಕೊಳ್ಳುವವರು ‘ನಮ್ಮ ಎಲ್ಲ ಒಡವೆಗೂ ಹಾಲ್‌ಮಾರ್ಕ್’ ಎಂಬ ಮುಖಪುಟವನ್ನು ಬಿಟ್ಟು ಆ ಒಡವೆಯ ಪುಟವನ್ನೇ ನೋಡಬೇಕು. ಎರಡನೆಯದು ಪ್ರಮಾಣಪತ್ರದ ವಿಚಾರ. ‘ಸರ್ಟಿಫೈಡ್ ಜ್ಯುವೆಲ್ಲರಿ’ ಎಂದು ಐಜಿಐ ಪತ್ರ ತೋರಿಸುತ್ತಾರೆ. ಅದು ವಜ್ರದ ದರ್ಜೆಯ ಪತ್ರ. ಅದು ಚಿನ್ನದ ಹಾಲ್‌ಮಾರ್ಕ್‌ನ ಜಾಗದಲ್ಲಿ ನಿಲ್ಲಲಾರದು.

ಈಗ ಮಜೂರಿ. ಲೆಕ್ಕ ಸಲೀಸಾಗಲಿ ಎಂದು 22 ಕ್ಯಾರಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡೂ ನೆಕ್ಲೇಸ್‌ನ ಒಟ್ಟು ತೂಕ 12 ಗ್ರಾಂ, ಅದರಲ್ಲಿ ಕಲ್ಲು 1 ಗ್ರಾಂ, ಚಿನ್ನ 11 ಗ್ರಾಂ. ಮೊದಲು ನೋಡಬೇಕಾದದ್ದು ಈ ವ್ಯತ್ಯಾಸವನ್ನೇ. ದೊಡ್ಡ ಅಕ್ಷರದಲ್ಲಿ 12 ಗ್ರಾಂ ಹಾಕಿ, ನಿವ್ವಳ ಚಿನ್ನದ ತೂಕವನ್ನು ‘ವಿವರ ನೋಡಿ’ ಎಂಬ ಬಾಣದೊಳಗೆ ಅಡಗಿಸಿಟ್ಟ ಪುಟಗಳಿವೆ. ಚಿನ್ನದ ಬೆಲೆ ಹಾಕಬೇಕಾದ್ದು 11 ಗ್ರಾಂಗೆ. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಒಡವೆಯ ವಿವರ, ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆಬೇರೆಯಾಗಿ ಕಾಣಬೇಕು ಎಂದು ಬಿಐಎಸ್ ನಿಯಮವೇ ಇದೆ. ಶುಲ್ಕವೂ ಭಾರಿಯೇನಲ್ಲ. ತೂಕ ಎಷ್ಟೇ ಇರಲಿ, ಚಿನ್ನದ ಒಂದು ಒಡವೆಗೆ 45 ರೂಪಾಯಿ ಮತ್ತು ಅದರ ಜಿಎಸ್‌ಟಿ. ‘ಹಾಲ್‌ಮಾರ್ಕ್ ಮತ್ತು ಸರ್ಟಿಫಿಕೇಷನ್ 900’ ಎಂದು ಬರೆದಿದ್ದರೆ ಉಳಿದದ್ದು ಯಾವ ಬಾಬ್ತು ಎಂದು ಕೇಳುವ ಹಕ್ಕು ನಮಗಿದೆ.

ಮೊದಲ ಸೈಟಿನ ಮಜೂರಿ ಶೇ 24, ಅರ್ಧ ರಿಯಾಯಿತಿಯಲ್ಲಿ ಶೇ 12. ಎರಡನೆಯದರಲ್ಲಿ ಶೇ 16, ರಿಯಾಯಿತಿ ಇಲ್ಲ. ಅತ್ತಿಗೆಯ ಒಲವು ಯಾವ ಕಡೆ ಎಂದು ಹೇಳಬೇಕಾಗಿಲ್ಲ. “12 ಕಡಿಮೆಯೋ 16 ಕಡಿಮೆಯೋ, ಇದಕ್ಕೂ ನಿನ್ನನ್ನು ಕೇಳಬೇಕೇ” ಎಂದರು. ನಾನು ಪೂರ್ತಿ ಬಿಲ್ಲನ್ನು ಬಿಡಿಸಿದೆ. ಎರಡರಲ್ಲೂ ಚಿನ್ನ 1,10,000. ಮೊದಲನೆಯದರಲ್ಲಿ ಮಜೂರಿ 13,200, ಆದರೆ ಕಲ್ಲಿನ ಬೆಲೆ 9,000. ಎರಡನೆಯದರಲ್ಲಿ ಮಜೂರಿ 17,600, ಕಲ್ಲಿಗೆ 1,500. ಸಿದ್ಧ ಒಡವೆ ಕೊಂಡಾಗ ಚಿನ್ನ, ಮಜೂರಿ, ಕಲ್ಲು ಎಲ್ಲ ಸೇರಿದ ಮೊತ್ತಕ್ಕೆ ಶೇ 3 ಜಿಎಸ್‌ಟಿ. ಹಾಲ್‌ಮಾರ್ಕ್‌ನ ಚಿಲ್ಲರೆ ಬಿಟ್ಟರೆ ಮೊದಲನೆಯದು 1,36,166 ರೂಪಾಯಿ, ಎರಡನೆಯದು 1,32,973. ಅರ್ಧ ರಿಯಾಯಿತಿ ಕೊಟ್ಟ ಸೈಟೇ ಮೂರು ಸಾವಿರಕ್ಕೂ ಹೆಚ್ಚು ದುಬಾರಿ. ಮಜೂರಿಯಲ್ಲಿ ಬಿಟ್ಟದ್ದನ್ನು ಕಲ್ಲಿನಲ್ಲಿ ಹಿಡಿದುಕೊಂಡಿದ್ದರು. ಎರಡೂ ಕಡೆ ಕಲ್ಲಿನ ವಿವರಣೆ ‘ಸಿಂಥೆಟಿಕ್ ರೆಡ್ ಸ್ಟೋನ್’ ಎಂದೇ ಇತ್ತು.

ಅದಕ್ಕೇ ನಾನು ಮಜೂರಿಯ ಶೇಕಡಾವಾರನ್ನು ಒಂಟಿಯಾಗಿ ನೋಡುವುದನ್ನೇ ಬಿಟ್ಟಿದ್ದೇನೆ. ತೆರಿಗೆಗೆ ಮುಂಚಿನ ಮೊತ್ತದಲ್ಲಿ ಚಿನ್ನದ ಬೆಲೆ ಕಳೆದು, ಉಳಿದದ್ದು ಚಿನ್ನದ ಎಷ್ಟು ಪಾಲು ಎಂದು ನೋಡುತ್ತೇನೆ. ಮೊದಲನೆಯದರಲ್ಲಿ 22,200, ಅಂದರೆ ಶೇ 20ರ ಮೇಲೆ. ಎರಡನೆಯದರಲ್ಲಿ 19,100, ಶೇ 17ರ ಆಸುಪಾಸು. ಮೇಕಿಂಗ್, ವೇಸ್ಟೇಜ್, ವಿ.ಎ., ಕಲ್ಲು, ಪಾಲಿಶ್, ಪ್ಯಾಕಿಂಗ್ ಎಂದು ಎಷ್ಟು ಹೆಸರಿನಲ್ಲಿ ಹಂಚಿದ್ದರೂ ಎಲ್ಲ ಈ ಒಂದೇ ಬುಟ್ಟಿಗೆ ಬೀಳುತ್ತದೆ. ವೇಸ್ಟೇಜ್ ಅನ್ನುವುದಂತೂ ಈಗ ಹೆಚ್ಚಾಗಿ ಮಜೂರಿಯದೇ ಇನ್ನೊಂದು ಹೆಸರು. ಯಂತ್ರದಲ್ಲಿ ಹೆಣೆದ ಚೈನಿನಲ್ಲಿ ಅಷ್ಟು ಚಿನ್ನ ಪೋಲಾಗುವುದಿಲ್ಲ, ಉದುರಿದ ಅರದ ಪುಡಿಯನ್ನು ಯಾರೂ ಗುಡಿಸಿ ಬೀದಿಗೆ ಎಸೆಯುವುದೂ ಇಲ್ಲ. ‘ಮೇಕಿಂಗ್ ಸೊನ್ನೆ’ ಎನ್ನುವ ಸೈಟಿನಲ್ಲಿ ನೋಡಬೇಕಾದ ಇನ್ನೊಂದು ಜಾಗ ದಿನದ ದರ. 22 ಕ್ಯಾರಟ್‌ನ ದರ 24 ಕ್ಯಾರಟ್ ದರದ 24ರಲ್ಲಿ 22 ಪಾಲು, 18 ಕ್ಯಾರಟ್‌ನದು ಮುಕ್ಕಾಲು ಪಾಲು. ಫೋನಿನ ಕ್ಯಾಲ್ಕುಲೇಟರಿನಲ್ಲಿ ಒಮ್ಮೆ ಗುಣಿಸಿದರೆ, ದರದಲ್ಲೇ ಎಷ್ಟು ಸೇರಿಸಿದ್ದಾರೆ ಎಂದು ತಿಳಿಯುತ್ತದೆ. ಹಗುರ ತೂಕದ 18 ಕ್ಯಾರಟ್ ಒಡವೆ ಮಾರುವಲ್ಲಿ ಈ ಗುಣಾಕಾರ ಆಗಾಗ ತಾಳೆಯಾಗುವುದಿಲ್ಲ.

ಇನ್ನು ಆ ಕೊನೆಯ ಪುಟ. ಮೊದಲ ಸೈಟಿನ ಮುಖಪುಟದಲ್ಲಿ ‘ಜೀವಮಾನ ಶೇ 100 ಎಕ್ಸ್‌ಚೇಂಜ್’ ಎಂದಿತ್ತು. ಒಳಗೆ ಹೋದರೆ, ಶೇ 100 ಸಿಗುವುದು ಚಿನ್ನದ ಬೆಲೆಗೆ ಮಾತ್ರ, ಮಜೂರಿ ಕಲ್ಲು ತೆರಿಗೆಗಳಿಗಲ್ಲ. ಅದೂ ಅವರಲ್ಲೇ ಅಷ್ಟೇ ಅಥವಾ ಹೆಚ್ಚು ಬೆಲೆಯ ಹೊಸ ಒಡವೆ ಕೊಂಡರೆ. ಹೊಸದಕ್ಕೆ ಮತ್ತೆ ಮಜೂರಿ, ಮತ್ತೆ ಜಿಎಸ್‌ಟಿ. ನಗದು ಬೇಕೆಂದರೆ ಚಿನ್ನದ ಬೆಲೆಯ ಶೇ 90. ಎರಡನೆಯ ಸೈಟಿನಲ್ಲಿ ‘ಜೀವಮಾನ’ದ ಸದ್ದಿಲ್ಲ, ನಗದು ಶೇ 95 ಎಂದು ಒಂದೇ ಸಾಲು. ಚಿನ್ನದ ದರ ಒಂದು ರೂಪಾಯಿಯೂ ಬದಲಾಗದೆ ನಾಳೆಯೇ ಕೊಡಬೇಕಾಗಿ ಬಂದರೆ ಮೊದಲನೆಯವರು 99,000 ಕೊಡುತ್ತಾರೆ, ಎರಡನೆಯವರು 1,04,500. ಹಾಕಿದ ದುಡ್ಡು ನಗದಾಗಿ ವಾಪಸು ಬರಬೇಕಾದರೆ ಗ್ರಾಂ ದರ ಮೊದಲ ಸೈಟಿನಲ್ಲಿ ಸುಮಾರು 13,750ಕ್ಕೆ ಏರಬೇಕು, ಎರಡನೆಯದರಲ್ಲಿ 12,725ಕ್ಕೆ. ಅತ್ತಿಗೆಗೆ ನಾನು ತೋರಿಸಿದ್ದು ಇವೆರಡೇ ಸಂಖ್ಯೆ. “ಮಾರೋದಕ್ಕೆ ಯಾರು ತಗೊಳ್ತಾರೆ” ಎಂದು ಗದರಿದರು. ಮರುಕ್ಷಣ, “ಆದರೂ ಸಾವಿರ ರೂಪಾಯಿ ವ್ಯತ್ಯಾಸವೇ, ಅದೂ ಗ್ರಾಂಗೆ” ಎಂದು ಕನ್ನಡಕ ಹಾಕಿಕೊಂಡರು.

ಶೇಕಡಾವಾರಿಗಿಂತ ಹೆಚ್ಚು ಕಾಡುವುದು ಅದರ ಹಿಂದಿನ ಮಾತುಗಳು. ‘ಅಂದಿನ ದರದಂತೆ’ ಎಂದರೆ ಯಾವ ದರ? ಅಂಗಡಿಯವರು ಮಾರುವ ದರವೋ, ಕೊಳ್ಳುವ ದರವೋ? ಕೆಲವೆಡೆ ‘ಕೊಂಡ ದಿನದ ಅಥವಾ ಕೊಡುವ ದಿನದ ದರ, ಯಾವುದು ಕಡಿಮೆಯೋ ಅದು’ ಎಂದಿರುತ್ತದೆ. ಚಿನ್ನ ಏರಿದರೆ ಲಾಭ ಅವರಿಗೆ, ಇಳಿದರೆ ನಷ್ಟ ನಮಗೆ ಎಂದು ಇದನ್ನು ಇನ್ನೂ ಚಿಕ್ಕದಾಗಿ ಬರೆಯಬಹುದಿತ್ತು. ಮೂಲ ಬಿಲ್ಲು ಇರಬೇಕೇ, ಒಡವೆಯನ್ನು ಅವರಿಗೆ ಕಳಿಸುವ ಕೊರಿಯರ್ ಮತ್ತು ವಿಮೆಯ ಹೊಣೆ ಯಾರದು, ಅಂಗಡಿ ಇಲ್ಲದ ಊರಿನವರು ಏನು ಮಾಡಬೇಕು, ಇವೆಲ್ಲ ಅಲ್ಲಿ ಇರಬೇಕು. ಇಲ್ಲದಿದ್ದರೆ ಇಮೇಲಿನಲ್ಲಿ ಕೇಳಬೇಕು. ಫೋನಿನಲ್ಲಿ ಬಂದ ಉತ್ತರ ಫೋನು ಇಟ್ಟೊಡನೆ ಮುಗಿಯಿತು.

ನನಗೆ ಎಲ್ಲಕ್ಕಿಂತ ರುಚಿಸಿದ್ದು ಶುದ್ಧತೆಯ ಸಾಲು. ಮೊದಲ ಸೈಟು, ತಾನೇ 916 ಎಂದು ಮಾರಿದ ಒಡವೆಯನ್ನು ವಾಪಸು ಪಡೆಯುವಾಗ ‘ನಮ್ಮ ಕ್ಯಾರಟ್‌ಮೀಟರಿನಲ್ಲಿ ಬಂದ ಶುದ್ಧತೆಯಂತೆ, ಕರಗಿಸಿದ ನಂತರದ ತೂಕದಂತೆ’ ಎಂದಿತ್ತು. ಕ್ಯಾರಟ್‌ಮೀಟರ್ ಎಂದರೆ ಎಕ್ಸ್‌ಆರ್‌ಎಫ್ ಯಂತ್ರ, ಎಕ್ಸ್-ರೇ ಹಾಯಿಸಿ ಲೋಹಗಳ ಪಾಲು ಹೇಳುತ್ತದೆ. ಒಳ್ಳೆಯ ಯಂತ್ರವೇ. ಆದರೆ ಅದು ನೋಡುವುದು ಮೇಲ್ಪದರವನ್ನು. ಬೆಸುಗೆಯ ಮೇಲೆ ಹಿಡಿದರೆ ಒಂದು ಅಂಕಿ, ಪಕ್ಕದಲ್ಲಿ ಹಿಡಿದರೆ ಇನ್ನೊಂದು. ಪೂರ್ತಿ ನಂಬಬೇಕಾದ ಪರೀಕ್ಷೆ ಬೆಂಕಿಯದು. ಸ್ವಲ್ಪ ಲೋಹ ತೆಗೆದು, ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ ಕುಲುಮೆಗಿಟ್ಟರೆ ತಾಮ್ರದಂಥವು ಸೀಸದ ಜೊತೆ ಹೋಗುತ್ತವೆ. ಆಮೇಲೆ ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗುತ್ತದೆ, ಉಳಿದ ಚಿನ್ನವನ್ನು ತೂಗುತ್ತಾರೆ. ಹಾಲ್‌ಮಾರ್ಕ್ ಕೇಂದ್ರಗಳು ಲಾಟಿನಿಂದ ಆಯ್ದ ಮಾದರಿಗೆ ಮಾಡುವುದು ಇದನ್ನೇ. ತನ್ನದೇ ಒಡವೆ, ಅದರ ಮೇಲೆ ಎಚ್‌ಯುಐಡಿ, ತನ್ನದೇ ಬಿಲ್ಲು, ಇಷ್ಟಿದ್ದೂ ‘ನಮ್ಮ ಯಂತ್ರ ಹೇಳಿದಂತೆ’ ಅನ್ನುವವರು ತಾವು ಮಾರಿದ ಮುದ್ರೆಯನ್ನು ತಾವೇ ನಂಬುತ್ತಿಲ್ಲ. ಎರಡನೆಯ ಸೈಟು ‘ನಮ್ಮ ಬಿಲ್ಲು, ಎಚ್‌ಯುಐಡಿ ಎರಡೂ ಹೊಂದಿದರೆ ಶುದ್ಧತೆಯಲ್ಲಿ ಕಡಿತವಿಲ್ಲ’ ಎಂದಿತ್ತು. ತೀರ್ಪು ನನ್ನ ಮಟ್ಟಿಗೆ ಅಲ್ಲೇ ಆಗಿತ್ತು.

ಈ ಪುಟಗಳ ಅಡಿಯಲ್ಲಿ ‘ಮುನ್ಸೂಚನೆ ಇಲ್ಲದೆ ನಿಯಮ ಬದಲಾಗಬಹುದು’ ಎಂದೂ ಇರುತ್ತದೆ. ಅಲ್ಲಿಗೆ ಜೀವಮಾನ ಯಾರದ್ದು ಎಂದು ತಿಳಿದಂತಾಯಿತು. ಕೊಂಡ ದಿನವೇ ಆ ಪುಟವನ್ನು ಪಿಡಿಎಫ್ ಮಾಡಿ ಬಿಲ್ಲಿನ ಜೊತೆ ಇಡುವುದು ಲೇಸು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸೈಟಿನಲ್ಲಿ ಸಂಸ್ಥೆಯ ಕಾನೂನುಬದ್ಧ ಹೆಸರು, ವಿಳಾಸ, ದೂರು ಅಧಿಕಾರಿಯ ಹೆಸರು ಇರಬೇಕು. ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ಹೇಳಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಬರೀ ವಾಟ್ಸ್‌ಆ್ಯಪ್ ನಂಬರು ಕೊಟ್ಟು ವಿಳಾಸ ಕೊಡದ ಸೈಟಿನಲ್ಲಿ ಮಜೂರಿ ಸೊನ್ನೆಯಾದರೂ ನಾನು ಉಂಗುರವನ್ನೂ ಕೊಳ್ಳೆ.

ಮುದ್ರೆಯೇ ಸುಳ್ಳಾದರೆ ಏನು ಎಂದು ಅತ್ತಿಗೆ ಕೇಳಿದರು. ನೂರಿನ್ನೂರು ರೂಪಾಯಿ ಕೊಟ್ಟು ಮಾನ್ಯತೆ ಇರುವ ಕೇಂದ್ರದಲ್ಲಿ ಯಾರು ಬೇಕಾದರೂ ಒಡವೆ ಪರೀಕ್ಷಿಸಿಕೊಳ್ಳಬಹುದು. ಕೊರತೆ ಕಂಡರೆ, 2018ರ ಬಿಐಎಸ್ ನಿಯಮದಂತೆ ಮಾರಿದ ತೂಕಕ್ಕೆ ಬರುವ ಶುದ್ಧತೆಯ ಕೊರತೆಯ ಬೆಲೆಯ ಎರಡರಷ್ಟು, ಜೊತೆಗೆ ಪರೀಕ್ಷೆಯ ಖರ್ಚು ಸಿಗಬೇಕು. ನಮ್ಮ 11 ಗ್ರಾಂ ನೆಕ್ಲೇಸ್ 916ರ ಬದಲು 900 ಬಂತೆನ್ನಿ. ಸಾವಿರಕ್ಕೆ 16ರಂತೆ ಕೊರತೆ 0.176 ಗ್ರಾಂ ಅಪ್ಪಟ ಚಿನ್ನ, ನಮ್ಮ ದರದಲ್ಲಿ ಸುಮಾರು 1,920 ರೂಪಾಯಿ, ಎರಡರಷ್ಟೆಂದರೆ 3,840. “ಇಷ್ಟೇನಾ” ಎಂದರು. ಇಷ್ಟೇ. ಎರಡು ಸೈಟುಗಳ ನಡುವೆ ಕಲ್ಲು ಮಜೂರಿಗಳ ಆಟದಲ್ಲಿ ಹೋಗುತ್ತಿದ್ದ ಮೊತ್ತವೂ ಹೆಚ್ಚುಕಡಿಮೆ ಇಷ್ಟೇ ಇತ್ತು, ಅದಕ್ಕೆ ಯಾವ ನಿಯಮವೂ ಪರಿಹಾರ ಕೊಡುವುದಿಲ್ಲ.

ಕೊನೆಗೆ ಎರಡನೆಯ ಸೈಟಿಗೇ ಇಮೇಲ್ ಬರೆಯೋಣ ಎಂದಾಯಿತು. ಶೇ 95 ಯಾವ ದರದ ಮೇಲೆ ಎಂಬ ಪ್ರಶ್ನೆ ನನ್ನದು. ಅತ್ತಿಗೆ ಪಕ್ಕದಲ್ಲಿ ಕೂತು ಓದಿ, “ಇನ್ನೊಂದು ಸೇರಿಸು” ಎಂದರು. “ವಾಪಸು ಕೊಡುವಾಗ ಕಲ್ಲಿಗೆ ಎಷ್ಟು ಕೊಡ್ತಾರೆ?” ನಿಯಮದ ಪುಟದಲ್ಲೇ ಇತ್ತು, ಏನೂ ಇಲ್ಲ. “ಹಾಗಾದರೆ ಇದೇ ನಮೂನೆ ಕಲ್ಲಿಲ್ಲದೆ ಮಾಡಿಕೊಡ್ತೀರಾ, ಮಜೂರಿ ಎಷ್ಟು ಇಳಿಸ್ತೀರಾ, ಅಂತ ಬರಿ.” ಮಗಳಿಗೆ ಕೆಂಪುಕಲ್ಲೇ ಬೇಕಿತ್ತಲ್ಲ ಎಂದೆ. “ಅವಳನ್ನು ನಾನು ಒಪ್ಪಿಸ್ತೀನಿ, ನೀನು ಬರಿ” ಎಂದರು.